ದಂಡ ಹಾಕಿದ್ದು ಯಾರು, ಮೇಲ್ಮನವಿ ಎಲ್ಲಿಗೆ? ಸಹಕಾರಿ ಬ್ಯಾಂಕಿನ ಸುದ್ದಿಯಲ್ಲಿ ಬರೆಯದೇ ಉಳಿಯುವ ಭಾಗ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಇಂಥ ಸುದ್ದಿ ಆಗಾಗ ಬರುತ್ತದೆ. "ಸಹಕಾರಿ ಬ್ಯಾಂಕಿಗೆ ರಿಸರ್ವ್ ಬ್ಯಾಂಕಿನಿಂದ ದಂಡ." ನಾಲ್ಕೈದು ಸಾಲು, ಒಂದು ಮೊತ್ತ, ಕೆಲವು ಕಲಮುಗಳ ಸಂಖ್ಯೆ. ಅಷ್ಟರಲ್ಲಿ ಸುದ್ದಿ ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಬ್ಯಾಂಕಿನ ಕೌಂಟರ್ ಮುಂದೆ ಕೇಳಿಬರುವ ಪ್ರಶ್ನೆ ಒಂದೇ: "ನಮ್ಮ ರೊಕ್ಕ ಹೋತೇನ್ರಿ?"

ಈ ಭಾಗದಲ್ಲಿ ಆ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ಕಬ್ಬಿನ ಬಿಲ್ಲು, ಅಡತಿ ಅಂಗಡಿಯ ವಹಿವಾಟು, ನೇಕಾರರ ಉಳಿತಾಯ, ನಿವೃತ್ತ ಶಿಕ್ಷಕರ ಠೇವಣಿ ಎಲ್ಲವೂ ಊರಿನ ಸಹಕಾರಿ ಬ್ಯಾಂಕಿನಲ್ಲೇ ಇರುತ್ತವೆ. ಹೀಗಾಗಿ ದಂಡ ಎಂಬ ಪದ ಕಂಡ ಕೂಡಲೇ ಜನ ಹೆದರುತ್ತಾರೆ. ಹೆದರಿಕೆಗೆ ಉತ್ತರ ಕೊಡುವುದು ಸುಲಭ, ಅದನ್ನು ಮೊದಲೇ ಕೊಡೋಣ. ಅದರ ಹಿಂದೆ ಇನ್ನೊಂದು ಪ್ರಶ್ನೆ ಇದೆ, ಅದನ್ನು ಕೇಳುವವರು ಕಡಿಮೆ. ತಪ್ಪು ಹುಡುಕಿದ ಸಂಸ್ಥೆಯೇ ದಂಡ ಹಾಕಿದರೆ ಆ ತೀರ್ಮಾನ ಸರಿ ಇದೆಯೇ ಎಂದು ಇನ್ನೊಬ್ಬರು ನೋಡುವುದು ಯಾವಾಗ, ಎಲ್ಲಿ?

ದಂಡ ಬೇರೆ, ನಿರ್ಬಂಧ ಬೇರೆ

ಠೇವಣಿದಾರರಿಗೆ ತೊಂದರೆ ಕೊಡುವುದು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 35ಎ ಕಲಮಿನ ನಿರ್ದೇಶನ. ಅದರ ಅಡಿಯಲ್ಲಿ ರಿಸರ್ವ್ ಬ್ಯಾಂಕ್ ಹಣ ಹಿಂಪಡೆಯುವುದಕ್ಕೆ ಮಿತಿ ಹಾಕಬಹುದು, ಹೊಸ ಸಾಲ ಕೊಡದಂತೆ ತಡೆಯಬಹುದು. 5 ಲಕ್ಷ ರೂಪಾಯಿವರೆಗಿನ ಠೇವಣಿ ವಿಮೆಯ ಮಾತು ಬರುವುದು ಅಂಥ ಸಮಯದಲ್ಲಿ, ಇಲ್ಲವೇ ಲೈಸೆನ್ಸ್ ರದ್ದಾದಾಗ.

ದಂಡಕ್ಕೆ ಬೇರೆ ಕಲಮು ಇದೆ, 47ಎ. ಬ್ಯಾಂಕ್ ಒಂದು ನಿಯಮ ಪಾಲಿಸಿಲ್ಲ, ಅದಕ್ಕೆ ಇಷ್ಟು ಹಣ ಕಟ್ಟಬೇಕು ಎಂಬುದಷ್ಟೇ ಅದರ ಅರ್ಥ. ರಿಸರ್ವ್ ಬ್ಯಾಂಕಿನ ಪ್ರಕಟಣೆಯ ಕೊನೆಯಲ್ಲೂ ಇದನ್ನು ಹೇಳಿರುತ್ತಾರೆ: ಈ ಕ್ರಮ ನಿಯಮ ಪಾಲನೆಯ ಕೊರತೆಗೆ ಸಂಬಂಧಿಸಿದ್ದು, ಗ್ರಾಹಕರ ಜೊತೆ ಬ್ಯಾಂಕ್ ಮಾಡಿದ ಯಾವುದೇ ವ್ಯವಹಾರದ ಸಿಂಧುತ್ವದ ಬಗ್ಗೆ ತೀರ್ಪಲ್ಲ. ಪತ್ರಿಕೆಗಳಲ್ಲಿ ಜಾಗ ಸಾಲದಿದ್ದಾಗ ಮೊದಲು ಬಿದ್ದುಹೋಗುವುದು ಈ ಸಾಲೇ. ಓದುಗರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದೂ ಇದೇ.

ಹಾಗಾಗಿ ಬರೀ ದಂಡದ ಸುದ್ದಿ ಓದಿ ಠೇವಣಿ ಮುರಿಸಿಕೊಳ್ಳುವ ಅಗತ್ಯವಿಲ್ಲ. ಯಾವ ತಪ್ಪಿಗೆ ದಂಡ ಬಿತ್ತು ಎಂಬುದನ್ನು ಮಾತ್ರ ಓದಲೇಬೇಕು. ಕೆವೈಸಿ ಕಾಗದ ತಡವಾಗಿದ್ದು ಒಂದು ಮಾತು, ನಿರ್ದೇಶಕರ ಮನೆಯವರಿಗೆ ಸಾಲ ಹೋಗಿದ್ದು ಇನ್ನೊಂದು ಮಾತು.

ತಪಾಸಣೆಯಿಂದ ಆದೇಶದವರೆಗೆ

ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಳ್ಳೋಣ. ಬಾಗಲಕೋಟೆ ಜಿಲ್ಲೆಯಲ್ಲಿ ಒಂದು ಪಟ್ಟಣ ಸಹಕಾರಿ ಬ್ಯಾಂಕ್ ಇದೆ. ರಿಸರ್ವ್ ಬ್ಯಾಂಕಿನ ತಪಾಸಕರು ಬರುತ್ತಾರೆ, ಮಾರ್ಚ್ 31ಕ್ಕೆ ಬ್ಯಾಂಕಿನ ಸ್ಥಿತಿ ಹೇಗಿತ್ತು ಎಂದು ನೋಡುತ್ತಾರೆ. ಅವರ ವರದಿಯಲ್ಲಿ ಎರಡು ದೋಷಗಳು ಕಾಣುತ್ತವೆ.

ಮೊದಲನೆಯದು, ಒಬ್ಬ ನಿರ್ದೇಶಕರ ತಮ್ಮನಿಗೆ ಸೇರಿದ ಗೊಬ್ಬರದ ಅಂಗಡಿಗೆ 30 ಲಕ್ಷ ರೂಪಾಯಿ ಸಾಲ. ನಿರ್ದೇಶಕರಿಗೂ ಅವರ ಸಂಬಂಧಿಕರಿಗೂ ಪಟ್ಟಣ ಸಹಕಾರಿ ಬ್ಯಾಂಕ್ ಸಾಲ ಕೊಡುವಂತಿಲ್ಲ. ಅವರದೇ ಠೇವಣಿಯ ಮೇಲಿನ ಸಾಲದಂಥ ಕೆಲವು ವಿನಾಯಿತಿಗಳು ಮಾತ್ರ ಇವೆ. ಎರಡನೆಯದು, 10 ವರ್ಷದಿಂದ ಯಾರೂ ಮುಟ್ಟದ ಕೆಲವು ಖಾತೆಗಳ 4 ಲಕ್ಷ ರೂಪಾಯಿ. ಆ ಹಣವನ್ನು ರಿಸರ್ವ್ ಬ್ಯಾಂಕಿನ ಬಳಿ ಇರುವ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ವರ್ಗಾಯಿಸಬೇಕಿತ್ತು. ಬ್ಯಾಂಕ್ ಸಮಯಕ್ಕೆ ವರ್ಗಾಯಿಸಿಲ್ಲ.

ತಪಾಸಣೆ ಮುಗಿದು ಎಷ್ಟೋ ತಿಂಗಳ ಮೇಲೆ ಶೋಕಾಸ್ ನೋಟಿಸ್ ಬರುತ್ತದೆ. ಈ ಎರಡು ದೋಷಗಳಿಗೆ ನಿಮಗೆ ಯಾಕೆ ದಂಡ ಹಾಕಬಾರದು, ಕಾರಣ ಹೇಳಿ ಎಂದು. ಬ್ಯಾಂಕ್ ಲಿಖಿತ ಉತ್ತರ ಕೊಡುತ್ತದೆ. ಆಮೇಲೆ ಬ್ಯಾಂಕಿನ ಪರವಾಗಿ ಹೋದವರು ಖುದ್ದಾಗಿ ಮಾತಾಡುವ ಅವಕಾಶವೂ ಇರುತ್ತದೆ. ಹೀಗೆ ಅಹವಾಲು ಕೇಳದೆ ದಂಡ ಹಾಕುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ.

ನಮ್ಮ ಉದಾಹರಣೆಯ ಬ್ಯಾಂಕ್ ಎರಡನೆಯ ದೋಷವನ್ನು ಒಪ್ಪಿಕೊಳ್ಳುತ್ತದೆ. ಸಾಫ್ಟ್‌ವೇರ್ ಬದಲಾದಾಗ ಹಳೆಯ ಖಾತೆಗಳ ದಿನಾಂಕ ಕೈತಪ್ಪಿತ್ತು, ಈಗ ಹಣ ವರ್ಗಾಯಿಸಿದ್ದೇವೆ ಎನ್ನುತ್ತದೆ. ಮೊದಲನೆಯದನ್ನು ಒಪ್ಪುವುದಿಲ್ಲ. ಸಾಲ ಮಂಜೂರಾದಾಗ ಅಣ್ಣ ನಿರ್ದೇಶಕ ಆಗಿರಲೇ ಇಲ್ಲ, ಎರಡು ವರ್ಷದ ಮೇಲೆ ಆಯ್ಕೆಯಾದರು ಎಂಬುದು ಬ್ಯಾಂಕಿನ ಮಾತು. ಆದರೆ ತಪಾಸಕರ ಕೈಯಲ್ಲಿ ಒಂದು ಪತ್ರ ಇದೆ. ಆಯ್ಕೆಯಾದ ನಂತರ ಸಾಲಗಾರರಿಂದ ಬ್ಯಾಂಕ್ ಬರೆಸಿಕೊಂಡ ಪತ್ರ ಅದು. ಇದು ಸಾಲದ ನವೀಕರಣ, ಹಾಗಾಗಿ ನಿಯಮ ಮುರಿದಂತಾಯಿತು ಎಂಬುದು ತಪಾಸಕರ ಓದು. ಬ್ಯಾಂಕ್ ಹೇಳುವುದೇ ಬೇರೆ. ಸಾಲ ವಸೂಲಿಗೆ ದಾವೆ ಹಾಕಲು ಕಾನೂನಿನಲ್ಲಿ ಮೂರು ವರ್ಷದ ಅವಧಿ ಇರುತ್ತದೆ. ಅದು ಮುಗಿಯುವ ಮೊದಲು ಸಾಲಗಾರ "ಹೌದು, ಇಷ್ಟು ಬಾಕಿ ಇದೆ" ಎಂದು ಸಹಿ ಹಾಕಿದರೆ ಅವಧಿ ಮತ್ತೆ ಮೊದಲಿನಿಂದ ಎಣಿಕೆಯಾಗುತ್ತದೆ. ಎಲ್ಲ ಬ್ಯಾಂಕುಗಳೂ ಇಂಥ ಪತ್ರ ಬರೆಸಿಕೊಳ್ಳುತ್ತವೆ. ಇದು ಸಾಲ ಬಾಕಿಯ ಒಪ್ಪಿಗೆ ಅಷ್ಟೇ, ಹೊಸ ಸಾಲವೂ ಅಲ್ಲ, ನವೀಕರಣವೂ ಅಲ್ಲ ಎಂಬುದು ಬ್ಯಾಂಕಿನ ವಾದ.

ಒಂದೇ ಕಾಗದ, ಎರಡು ಓದು. ಪ್ರಕರಣದ ಜೀವ ಇರುವುದು ಇಲ್ಲಿ.

ಕೊನೆಗೆ ಆದೇಶ ಬರುತ್ತದೆ. ಎರಡೂ ಆರೋಪ ಸಾಬೀತಾಗಿವೆ, ದಂಡ 3 ಲಕ್ಷ ರೂಪಾಯಿ. ಕಾಯ್ದೆಯ ಪ್ರಕಾರ ದಂಡದ ಗರಿಷ್ಠ ಮಿತಿ 1 ಕೋಟಿ ರೂಪಾಯಿ, ಅಥವಾ ಉಲ್ಲಂಘನೆಯ ಮೊತ್ತ ಲೆಕ್ಕಕ್ಕೆ ಸಿಗುವಂತಿದ್ದರೆ ಅದರ ಎರಡರಷ್ಟು, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದು. ಇಲ್ಲಿ 30 ಲಕ್ಷದ ಎರಡರಷ್ಟು ಅಂದರೆ 60 ಲಕ್ಷ, ಅದು 1 ಕೋಟಿಗಿಂತ ಕಡಿಮೆ, ಹಾಗಾಗಿ ಮಿತಿ 1 ಕೋಟಿ. ಅದಕ್ಕೆ ಹೋಲಿಸಿದರೆ 3 ಲಕ್ಷ ತೀರಾ ಸಣ್ಣದು. ಸಣ್ಣ ಸಹಕಾರಿ ಬ್ಯಾಂಕುಗಳ ಮೇಲೆ ಬೀಳುವ ದಂಡ ಹೆಚ್ಚಾಗಿ ಕೆಲವೇ ಲಕ್ಷಗಳಲ್ಲಿ ಇರುತ್ತದೆ. ದಂಡ ಕಟ್ಟಬೇಕೆಂಬ ನೋಟಿಸ್ ಕೈಗೆ ಬಂದ ಮೇಲೆ 14 ದಿನದಲ್ಲಿ ಕಟ್ಟಬೇಕು. ಕಟ್ಟದಿದ್ದರೆ ಬ್ಯಾಂಕಿನ ನೋಂದಾಯಿತ ಕಚೇರಿ ಇರುವ ಪ್ರದೇಶದ ಪ್ರಧಾನ ಸಿವಿಲ್ ನ್ಯಾಯಾಲಯದ ಮೂಲಕ ವಸೂಲಿ ಮಾಡಬಹುದು.

ಹುಡುಕಿದವರೇ ತೀರ್ಮಾನ ಮಾಡಿದರೆ

ಈ ಇಡೀ ದಾರಿಯಲ್ಲಿ ಬ್ಯಾಂಕಿನ ಎದುರು ಇದ್ದದ್ದು ಒಂದೇ ಸಂಸ್ಥೆ. ನಿಯಮ ಬರೆದದ್ದು ರಿಸರ್ವ್ ಬ್ಯಾಂಕ್. ತಪಾಸಣೆ ಮಾಡಿದ್ದು, ನೋಟಿಸ್ ಕೊಟ್ಟಿದ್ದು, ಅಹವಾಲು ಕೇಳಿದ್ದು, ದಂಡ ಹಾಕಿದ್ದು ಎಲ್ಲವೂ ರಿಸರ್ವ್ ಬ್ಯಾಂಕ್. ತಪಾಸಣೆ ಮಾಡಿದ ಅಧಿಕಾರಿಗೆ ತನ್ನ ವರದಿ ಸರಿ ಎಂದು ಅನಿಸುವುದು ಸಹಜ. ಅದೇ ಅಧಿಕಾರಿ ತೀರ್ಮಾನವನ್ನೂ ಮಾಡಿದರೆ, ಆ ಒಪ್ಪಿಗೆ ಪತ್ರವನ್ನು ಎರಡನೆಯ ಸಲ ಹೊಸ ಕಣ್ಣಿಂದ ಓದುವವರು ಯಾರೂ ಇರುವುದಿಲ್ಲ. ಕೆಟ್ಟ ಉದ್ದೇಶ ಇರಬೇಕಾಗಿಲ್ಲ. ತಾನು ಬರೆದದ್ದನ್ನು ತಾನೇ ತಿದ್ದುವುದು ಯಾರಿಗಾದರೂ ಕಷ್ಟ.

ರಿಸರ್ವ್ ಬ್ಯಾಂಕಿಗೂ ಇದು ಗೊತ್ತಿತ್ತು. 2017ರ ಏಪ್ರಿಲ್‌ನಲ್ಲಿ ಅದು ಜಾರಿ ಇಲಾಖೆ ಎಂಬ ಪ್ರತ್ಯೇಕ ಇಲಾಖೆ ತೆರೆಯಿತು. ಅದಕ್ಕಿಂತ ಮೊದಲು ಬ್ಯಾಂಕುಗಳ ಮೇಲ್ವಿಚಾರಣೆ ನೋಡುತ್ತಿದ್ದ ಇಲಾಖೆಗಳೇ ದಂಡದ ಪ್ರಕ್ರಿಯೆಯನ್ನೂ ನಡೆಸುತ್ತಿದ್ದವು. ಈಗ ಮೇಲ್ವಿಚಾರಣೆ ಇಲಾಖೆ ದೋಷ ಹುಡುಕುತ್ತದೆ, ಜಾರಿ ಇಲಾಖೆ ನೋಟಿಸ್ ಮತ್ತು ಮುಂದಿನ ಕ್ರಮ ನೋಡಿಕೊಳ್ಳುತ್ತದೆ. ಮರುವರ್ಷ ಪಟ್ಟಣ ಸಹಕಾರಿ ಬ್ಯಾಂಕುಗಳ ಪ್ರಕರಣಗಳೂ ಈ ಇಲಾಖೆಗೆ ಬಂದವು.

ಡಿಸಿಸಿ ಬ್ಯಾಂಕುಗಳ ವಿಷಯದಲ್ಲಿ ಈ ಅಂತರ ಇನ್ನೂ ಸ್ಪಷ್ಟ. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳ ತಪಾಸಣೆ ಮಾಡುವುದು ನಬಾರ್ಡ್. ದಂಡ ಹಾಕುವುದು ರಿಸರ್ವ್ ಬ್ಯಾಂಕ್. ಹುಡುಕುವ ಸಂಸ್ಥೆಯೇ ಬೇರೆ, ತೀರ್ಮಾನದ ಸಂಸ್ಥೆಯೇ ಬೇರೆ. ಡಿಸಿಸಿ ಬ್ಯಾಂಕಿಗೂ ಪಕ್ಕದ ರಸ್ತೆಯ ಪಟ್ಟಣ ಸಹಕಾರಿ ಬ್ಯಾಂಕಿಗೂ ಒಂದೇ ಕಲಮಿನಲ್ಲಿ ದಂಡ ಬೀಳುತ್ತದೆ, ಆದರೆ ಹುಡುಕುವ ಕಣ್ಣು ಬೇರೆ ಬೇರೆ. ಇದನ್ನು ಗಮನಿಸುವವರು ಕಡಿಮೆ.

ಬಸ್ ಮಾರ್ಗದ ಹಳೆಯ ಪ್ರಕರಣ ಏನು ಹೇಳುತ್ತದೆ

ಇಲಾಖೆ ಬೇರೆ ಮಾಡಿದರೆ ಸಾಕೇ? ಒಂದೇ ಸಂಸ್ಥೆಯ ಎರಡು ಕೋಣೆ ತಾನೇ? ಈ ಪ್ರಶ್ನೆಗೆ ನಮ್ಮ ಸುಪ್ರೀಂ ಕೋರ್ಟ್ 1958ರಲ್ಲೇ ಮುಖಾಮುಖಿಯಾಗಿತ್ತು, ಅದೂ ಬ್ಯಾಂಕಿನ ವಿಷಯದಲ್ಲಲ್ಲ, ಬಸ್ಸಿನ ವಿಷಯದಲ್ಲಿ. ಆಂಧ್ರದಲ್ಲಿ ಖಾಸಗಿ ಬಸ್ ಮಾರ್ಗಗಳನ್ನು ಸರ್ಕಾರಿ ಸಾರಿಗೆಗೆ ವಹಿಸುವ ಯೋಜನೆ ಬಂತು. ಬಸ್ ಮಾಲೀಕರ ಆಕ್ಷೇಪಣೆಗಳನ್ನು ಕೇಳಿದ್ದು ಸಾರಿಗೆ ಇಲಾಖೆಯ ಕಾರ್ಯದರ್ಶಿ. ಯೋಜನೆಗೆ ಒಪ್ಪಿಗೆ ಕೊಟ್ಟಿದ್ದು ಮುಖ್ಯಮಂತ್ರಿ. ಗುಲ್ಲಾಪಲ್ಲಿ ನಾಗೇಶ್ವರ ರಾವ್ ಪ್ರಕರಣ ಎಂದೇ ಇದು ಹೆಸರಾಗಿದೆ.

ಕೋರ್ಟ್ ಎರಡು ದೋಷ ಕಂಡಿತು. ಸಾರಿಗೆ ಇಲಾಖೆಯೇ ಒಂದು ಕಡೆಯ ಪಕ್ಷ, ಅದರ ಮುಖ್ಯಸ್ಥರೇ ಆಕ್ಷೇಪಣೆ ಕೇಳಿದರೆ ಅದು ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶ ಆದಂತೆ. ಇದು ಮೊದಲನೆಯದು. ಕೇಳಿದವರು ಒಬ್ಬರು, ತೀರ್ಮಾನಿಸಿದವರು ಇನ್ನೊಬ್ಬರಾದರೆ ಖುದ್ದು ವಿಚಾರಣೆ ಬರೀ ಔಪಚಾರಿಕ ಆಗಿಬಿಡುತ್ತದೆ ಎಂಬುದು ಎರಡನೆಯದು. ಮುಂದೆ ಅದೇ ವಿವಾದ ಮತ್ತೆ ಕೋರ್ಟಿಗೆ ಬಂತು. ಆ ಸಲ ಆಕ್ಷೇಪಣೆ ಕೇಳಿದ್ದು ಮುಖ್ಯಮಂತ್ರಿಯೇ. ಇಲಾಖೆಯ ಅಧಿಕಾರಿ ಬೇರೆ, ಮಂತ್ರಿ ಬೇರೆ ಎಂದು ಕೋರ್ಟ್ ಅದನ್ನು ಒಪ್ಪಿತು.

ಬ್ಯಾಂಕಿನ ದಂಡಕ್ಕೆ ಇದನ್ನು ಹೊಂದಿಸಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಸಂಸ್ಥೆ ಒಂದೇ ಆಗಿದ್ದರೆ ಸಾಕು, ಪಕ್ಷಪಾತ ಆಯಿತು ಎಂದು ಕಾನೂನು ಹೇಳುವುದಿಲ್ಲ. ಕಾಯ್ದೆಯೇ ಎರಡೂ ಕೆಲಸ ಕೊಟ್ಟಿದೆ. ಆದರೆ ಒಳಗಿನ ವ್ಯಕ್ತಿಗಳು ಬೇರೆ ಇರಬೇಕು. ಜೊತೆಗೆ ಬ್ಯಾಂಕಿನವರ ಮಾತನ್ನು ಯಾರು ಕುಳಿತು ಕೇಳಿದರೋ ಅವರ ತೀರ್ಮಾನವೇ ಆದೇಶದಲ್ಲಿ ಇರಬೇಕು. ಹುಡುಕುವವರನ್ನೂ ತೀರ್ಮಾನಿಸುವವರನ್ನೂ ಬೇರೆ ಮಾಡಬೇಕು, ಕೇಳುವವರನ್ನೂ ತೀರ್ಮಾನಿಸುವವರನ್ನೂ ಬೇರೆ ಮಾಡಬಾರದು. ಮೇಲಿಂದ ನೋಡಿದರೆ ಒಂದೇ ತರಹ ಕಾಣುವ ಈ ಎರಡು ಮಾತನ್ನು ಜನ ಆಗಾಗ ಕಲೆಸಿಬಿಡುತ್ತಾರೆ.

ಗೋಡೆ ಸೋರುವ ಜಾಗ

ಕಾಗದದ ಮೇಲೆ ಇಲಾಖೆ ಬೇರೆ ಆದ ಮೇಲೂ ಗೋಡೆ ಸೋರಬಹುದು. ಹೆಚ್ಚು ಸೋರುವುದು ಕಡತದಲ್ಲಿ. ತೀರ್ಮಾನ ಮಾಡುವವರ ಮುಂದೆ ತಪಾಸಣೆಯ ಪೂರ್ತಿ ಕಡತ ಇರುತ್ತದೆ. ಬ್ಯಾಂಕಿಗೆ ಸಿಗುವುದು ಅದರಿಂದ ಆಯ್ದ ಭಾಗ. ಬ್ಯಾಂಕ್ ನೋಡದ ಒಂದು ಟಿಪ್ಪಣಿ ತೀರ್ಮಾನದ ಮೇಲೆ ಪ್ರಭಾವ ಬೀರಿದರೆ, ಅದಕ್ಕೆ ಉತ್ತರ ಕೊಡುವ ಅವಕಾಶವೇ ಇರುವುದಿಲ್ಲ.

ಈ ವಿಷಯದಲ್ಲಿ 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ತೀರ್ಪು ಕೊಟ್ಟಿತು. ಅದು ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ವಿರುದ್ಧದ ಟಿ. ಟಕಾನೊ ಪ್ರಕರಣ. ತನಿಖಾ ವರದಿ ನಮ್ಮ ಆಂತರಿಕ ಕಾಗದ, ಕೊಡಬೇಕಿಲ್ಲ ಎಂಬುದು ಸೆಬಿಯ ನಿಲುವಾಗಿತ್ತು. ಕೋರ್ಟ್ ಅದನ್ನು ಒಪ್ಪಲಿಲ್ಲ. ತೀರ್ಮಾನಕ್ಕೆ ಸಂಬಂಧಪಟ್ಟ ಭಾಗವನ್ನು ನೋಟಿಸ್ ಪಡೆದವರಿಗೆ ಕೊಡಬೇಕು, ಮೂರನೆಯವರ ಖಾಸಗಿ ಮಾಹಿತಿ ಅಥವಾ ಮಾರುಕಟ್ಟೆಯ ಸ್ಥಿರತೆಗೆ ಧಕ್ಕೆ ತರುವ ಭಾಗವನ್ನು ಮಾತ್ರ ಮರೆಮಾಡಬಹುದು ಎಂದಿತು. ತೀರ್ಪು ಸೆಬಿಗೆ ಸಂಬಂಧಿಸಿದ್ದೇ ಆದರೂ ಅದರ ಹಿಂದಿನ ತತ್ವ ಯಾವ ನಿಯಂತ್ರಕರ ಎದುರಾದರೂ ಎತ್ತಬಹುದಾದದ್ದು.

ಇನ್ನೊಂದು ಸೋರಿಕೆ ಆದೇಶದ ಭಾಷೆಯಲ್ಲಿ ಕಾಣುತ್ತದೆ. ನೋಟಿಸ್, ಬ್ಯಾಂಕಿನ ಉತ್ತರ, ಆದೇಶ ಮೂರನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ನೋಟಿಸಿನ ವಾಕ್ಯಗಳೇ ಆದೇಶದಲ್ಲಿ ಮತ್ತೆ ಬಂದು, ನಡುವೆ "ಬ್ಯಾಂಕಿನ ಉತ್ತರ ಪರಿಗಣಿಸಲಾಯಿತು, ಸಮಾಧಾನಕರವಾಗಿಲ್ಲ" ಎಂದಷ್ಟೇ ಇದ್ದರೆ, ಹೊಸ ಕಣ್ಣು ಕಾಗದ ನೋಡಿದೆ ಎನ್ನಲು ಆಧಾರ ಇಲ್ಲ. ಆ ಒಪ್ಪಿಗೆ ಪತ್ರ ಯಾಕೆ ನವೀಕರಣ ಆಗುತ್ತದೆ ಎಂದು ನಾಲ್ಕು ಸಾಲು ಇದ್ದರೆ, ತೀರ್ಮಾನ ಬ್ಯಾಂಕಿನ ವಿರುದ್ಧವೇ ಹೋದರೂ ಅದು ತೀರ್ಮಾನ ಅನಿಸಿಕೊಳ್ಳುತ್ತದೆ. ನೋಟಿಸಿನಲ್ಲಿ ಐದು ಆರೋಪ ಇದ್ದು ಆದೇಶದಲ್ಲಿ ಎರಡೇ ಉಳಿದಿದ್ದರೆ ಅದೂ ಒಳ್ಳೆಯ ಲಕ್ಷಣ. ವಿಚಾರಣೆ ನಿಜವಾಗಿ ನಡೆದಿದೆ ಎಂದು ಅರ್ಥ. ಆದರೆ ಪ್ರಕಟಣೆಯಲ್ಲಿ ಸಾಬೀತಾದ ಆರೋಪಗಳನ್ನಷ್ಟೇ ಹೇಳುವುದರಿಂದ ಹೊರಗಿನವರಿಗೆ ಇದು ಕಾಣುವುದಿಲ್ಲ.

ಮೇಲ್ಮನವಿ ಇಲ್ಲದ ದಂಡ

ಈಗ ಬ್ಯಾಂಕಿಗೆ ಆದೇಶ ಒಪ್ಪಿಗೆಯಾಗಿಲ್ಲ ಎಂದುಕೊಳ್ಳಿ. ಎಲ್ಲಿಗೆ ಹೋಗಬೇಕು?

ಸೆಬಿ ದಂಡ ಹಾಕಿದ್ದರೆ ಉತ್ತರ ಸ್ಪಷ್ಟ. ಬೆಳಗಾವಿಯ ಒಬ್ಬ ಷೇರು ವ್ಯಾಪಾರಿಗೆ ಸೆಬಿಯ ನ್ಯಾಯನಿರ್ಣಯ ಅಧಿಕಾರಿ ದಂಡ ಹಾಕಿದರೆ, ಆದೇಶ ಕೈಗೆ ಬಂದ 45 ದಿನದೊಳಗೆ ಮುಂಬೈಯ ಸೆಕ್ಯುರಿಟೀಸ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಜನ ಅದನ್ನು ಸ್ಯಾಟ್ ಎನ್ನುತ್ತಾರೆ. ಅದು ಸೆಬಿಯಿಂದ ಬೇರೆಯೇ ಆದ ಸಂಸ್ಥೆ. ಅಲ್ಲಿ ಸಾಕ್ಷ್ಯವನ್ನು ಮತ್ತೆ ಓದುತ್ತಾರೆ, ದಂಡ ಕಡಿಮೆ ಮಾಡುತ್ತಾರೆ, ಪೂರ್ತಿ ರದ್ದೂ ಮಾಡುತ್ತಾರೆ. ಅಲ್ಲೂ ಸೋತರೆ ಕಾನೂನಿನ ಪ್ರಶ್ನೆ ಇದ್ದಲ್ಲಿ 60 ದಿನದೊಳಗೆ ಸುಪ್ರೀಂ ಕೋರ್ಟ್. ವಿಮಾ ನಿಯಂತ್ರಕ ಮತ್ತು ಪಿಂಚಣಿ ನಿಯಂತ್ರಕರ ಆದೇಶಗಳ ಮೇಲಿನ ಮೇಲ್ಮನವಿಯೂ ಇದೇ ಮಂಡಳಿಗೆ ಹೋಗುತ್ತದೆ.

47ಎ ಕಲಮಿನ ದಂಡಕ್ಕೆ ಇಂಥ ಮೇಲ್ಮನವಿ ಇಲ್ಲ. ಸ್ಯಾಟ್ ಅದನ್ನು ಕೇಳುವುದಿಲ್ಲ. ಬೇರೆ ಯಾವ ಮಂಡಳಿಯನ್ನೂ ಕಾಯ್ದೆ ಹೆಸರಿಸಿಲ್ಲ. ಲೈಸೆನ್ಸ್ ರದ್ದಾದರೆ 30 ದಿನದೊಳಗೆ ಕೇಂದ್ರ ಸರ್ಕಾರಕ್ಕೆ ಮೇಲ್ಮನವಿ ಹಾಕಬಹುದು ಎಂದು ಅದೇ ಕಾಯ್ದೆಯ 22ನೇ ಕಲಮು ಹೇಳುತ್ತದೆ. ದಂಡದ ಬಗ್ಗೆ ಮಾತ್ರ ಮೌನ.

ಈ ವ್ಯತ್ಯಾಸ ಎಷ್ಟು ವಿಚಿತ್ರ ಎಂಬುದು ಕೆವೈಸಿ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ಬ್ಯಾಂಕ್ ಗ್ರಾಹಕರ ಗುರುತು ಪರಿಶೀಲನೆಯಲ್ಲಿ ಎಡವಿತು ಎಂದುಕೊಳ್ಳಿ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಕೇಂದ್ರದ ಹಣಕಾಸು ಗುಪ್ತಚರ ಘಟಕದ ನಿರ್ದೇಶಕರು ದಂಡ ಹಾಕಿದರೆ, 45 ದಿನದೊಳಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅದೇ ಬಗೆಯ ಲೋಪಕ್ಕೆ ರಿಸರ್ವ್ ಬ್ಯಾಂಕ್ ದಂಡ ಹಾಕಿದರೆ ಹೋಗುವಂತಿಲ್ಲ. ಬ್ಯಾಂಕ್ ಅದೇ, ಖಾತೆಗಳೂ ಅವೇ, ಆದರೆ ಮೇಲ್ಮನವಿಯ ಹಕ್ಕು ಮಾತ್ರ ಆದೇಶಕ್ಕೆ ಸಹಿ ಹಾಕಿದವರು ಯಾರು ಎಂಬುದರ ಮೇಲೆ ನಿಂತಿದೆ.

ಬಾಗಲಕೋಟೆಯಿಂದ ಧಾರವಾಡ, ವಿಜಯಪುರದಿಂದ ಕಲಬುರಗಿ

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಬೆಳಗಾವಿ ಮತ್ತು ಬಾಗಲಕೋಟೆಯವರಿಗೆ ಅದು ಧಾರವಾಡ ಪೀಠ. ವಿಜಯಪುರದವರಿಗೆ ಕಲಬುರಗಿ ಪೀಠ. 1997ರವರೆಗೆ ಒಂದೇ ಜಿಲ್ಲೆಯಾಗಿದ್ದ ಬಾಗಲಕೋಟೆ, ವಿಜಯಪುರ ಇಲ್ಲಿ ಎರಡು ದಿಕ್ಕಿಗೆ ಹೋಗುತ್ತವೆ. ಏಕಸದಸ್ಯ ಪೀಠದ ತೀರ್ಪು ಒಪ್ಪಿಗೆಯಾಗದಿದ್ದರೆ ಹೈಕೋರ್ಟಿನಲ್ಲೇ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ, ಆಮೇಲೆ ಸುಪ್ರೀಂ ಕೋರ್ಟ್.

ಆದರೆ ರಿಟ್ ಅಂದರೆ ಮೇಲ್ಮನವಿ ಅಲ್ಲ. ಇದನ್ನು ನಮ್ಮ ಉದಾಹರಣೆಯಲ್ಲೇ ನೋಡೋಣ.

ಸ್ಯಾಟ್‌ನಂಥ ಮಂಡಳಿ ಇದ್ದಿದ್ದರೆ ಅದು ಆ ಪತ್ರವನ್ನು ಕೈಗೆತ್ತಿಕೊಳ್ಳುತ್ತಿತ್ತು. ಪತ್ರದಲ್ಲಿ ಹೊಸ ಗಡುವು ಇದೆಯೇ, ಬಡ್ಡಿ ದರ ಬದಲಾಗಿದೆಯೇ, ಆಡಳಿತ ಮಂಡಳಿ ಅದಕ್ಕೆ ಠರಾವು ಮಾಡಿದೆಯೇ, ಅಥವಾ ಬರೀ "ಬಾಕಿ ಇಷ್ಟು" ಎಂಬ ಒಪ್ಪಿಗೆಯೇ ಎಂದು ನೋಡುತ್ತಿತ್ತು. ಬರೀ ಒಪ್ಪಿಗೆ ಎಂದು ಕಂಡರೆ ಮೊದಲ ಆರೋಪ ಕೈಬಿಟ್ಟು, ಎರಡನೆಯದಕ್ಕೆ ಮಾತ್ರ ಒಂದಿಷ್ಟು ದಂಡ ಉಳಿಸುತ್ತಿತ್ತು. ಪ್ರಕರಣ ಅಲ್ಲಿಗೆ ಮುಗಿಯುತ್ತಿತ್ತು.

ಹೈಕೋರ್ಟ್ ರಿಟ್‌ನಲ್ಲಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಅಧಿಕಾರ ಇತ್ತೇ, ಅಹವಾಲು ಕೇಳಿದರೇ, ಕಾರಣ ಬರೆದಿದ್ದಾರೆಯೇ, ದಂಡ ತಪ್ಪಿಗೆ ತೀರಾ ಮೀರಿದ್ದೇ ಎಂಬುದಷ್ಟೇ ಅದರ ಮುಂದಿನ ಪ್ರಶ್ನೆಗಳು. ಪತ್ರದ ಅರ್ಥ ಹೀಗೂ ಆಗಬಹುದು, ಹಾಗೂ ಆಗಬಹುದು ಎಂದಿದ್ದರೆ ನಿಯಂತ್ರಕರ ಓದಿನ ಜಾಗದಲ್ಲಿ ಕೋರ್ಟ್ ತನ್ನ ಓದನ್ನು ಇಡುವುದಿಲ್ಲ. ಹಾಗಾಗಿ ವಕೀಲರು ಪತ್ರದ ಅರ್ಥದ ಮೇಲೆ ಜಗಳ ಮಾಡಿದರೆ ಸೋಲುವ ಸಾಧ್ಯತೆ ಜಾಸ್ತಿ. ಪತ್ರದ ಬಗ್ಗೆ ಬ್ಯಾಂಕ್ ಕೊಟ್ಟ ಉತ್ತರಕ್ಕೆ ಆದೇಶದಲ್ಲಿ ಒಂದೂ ಸಾಲು ಇಲ್ಲ ಎಂದು ತೋರಿಸಿದರೆ ಗೆಲ್ಲಬಹುದು. ಗೆದ್ದರೂ ಸಿಗುವುದು ಹೆಚ್ಚಾಗಿ ಇಷ್ಟೇ: ಆದೇಶ ರದ್ದು, ವಿಷಯ ಮತ್ತೆ ರಿಸರ್ವ್ ಬ್ಯಾಂಕಿಗೆ, ಕಾರಣ ಸಹಿತ ಹೊಸ ಆದೇಶ ಮಾಡಿ ಎಂಬ ಸೂಚನೆ. ಸುತ್ತಿ ಬಂದು ಮೊದಲಿನ ಬಾಗಿಲಿಗೇ ನಿಂತಂತೆ.

ಮೂರು ಲಕ್ಷದ ದಂಡಕ್ಕೆ ಇಷ್ಟು ಓಡಾಟ ಯಾರು ಮಾಡುತ್ತಾರೆ? ವಕೀಲರ ಶುಲ್ಕವೇ ಅದರ ದೊಡ್ಡ ಪಾಲು ತಿನ್ನುತ್ತದೆ. ನಾಳೆ ಮತ್ತೆ ತಪಾಸಣೆಗೆ ಬರುವವರ ಜೊತೆ ಇಂದು ಕೋರ್ಟಿನಲ್ಲಿ ನಿಲ್ಲಲು ಆಡಳಿತ ಮಂಡಳಿಗಳು ಹಿಂಜರಿಯುತ್ತವೆ. ಇನ್ನೊಂದು ಕಾರಣವೂ ಇದೆ. ದಂಡ ಬಿದ್ದ ಉಲ್ಲಂಘನೆಗೆ ಬ್ಯಾಂಕಿನ ಮೇಲೆ ಮತ್ತೆ ಕೋರ್ಟಿನಲ್ಲಿ ಕ್ರಿಮಿನಲ್ ದೂರು ಹಾಕುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ. ದಂಡ ಕಟ್ಟಿದರೆ ವಿಷಯ ಮುಗಿಯಿತು ಎಂಬ ನೆಮ್ಮದಿ ಇದೆ. ಹಾಗಾಗಿ ಬಹುತೇಕ ಸಣ್ಣ ಬ್ಯಾಂಕುಗಳಿಗೆ ಕಟ್ಟಿಬಿಡುವುದೇ ಸುಲಭ. ಪರಿಣಾಮ ಏನೆಂದರೆ, ಒಪ್ಪಿಗೆ ಪತ್ರ ನವೀಕರಣವೇ ಅಲ್ಲವೇ ಎಂಬಂಥ ಪ್ರಶ್ನೆಗೆ ಹೊರಗಿನ ಒಬ್ಬರ ಸ್ಪಷ್ಟ ಉತ್ತರ ಸಿಗುವುದೇ ಇಲ್ಲ. ಮುಂದಿನ ವರ್ಷ ಪಕ್ಕದ ಊರಿನ ಬ್ಯಾಂಕಿಗೆ ಅದೇ ಆರೋಪ, ಅದೇ ಗೊಂದಲ.

ಎರಡು ನಿಲುವು

ಈಗಿನ ವ್ಯವಸ್ಥೆ ಇರಲಿ ಎನ್ನುವವರ ವಾದದಲ್ಲಿ ತೂಕ ಇದೆ. ಬ್ಯಾಂಕ್ ನಡೆಯುವುದು ನಂಬಿಕೆಯ ಮೇಲೆ. ಸಣ್ಣ ದೋಷಕ್ಕೆ ಬೇಗ ದಂಡ ಹಾಕಿ ಎಚ್ಚರಿಸಿದರೆ ದೊಡ್ಡ ಅನಾಹುತ ತಪ್ಪುತ್ತದೆ. ಪ್ರತಿ ದಂಡವೂ ಮಂಡಳಿಗೆ ಹೋಗಿ ತಡೆಯಾಜ್ಞೆಯಲ್ಲಿ ವರ್ಷಗಟ್ಟಲೆ ನಿಂತರೆ, ನಿರ್ದೇಶಕರ ಮನೆಗೆ ಸಾಲ ಕೊಟ್ಟವರಿಗೆ ಅದೇ ಲಾಭ. ಬ್ಯಾಂಕಿನ ಒಳಗಿನ ಸ್ಥಿತಿ ಅಳೆಯುವುದು ಮೇಲ್ವಿಚಾರಕರ ಅನುಭವದ ಕೆಲಸ, ಹೊರಗಿನವರು ಅದನ್ನು ಮತ್ತೆ ತೂಗಬಾರದು ಎಂದೂ ಹೇಳುತ್ತಾರೆ.

ಇನ್ನೊಂದು ಕಡೆ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅಧ್ಯಕ್ಷತೆಯ ಹಣಕಾಸು ವಲಯ ಶಾಸನ ಸುಧಾರಣಾ ಆಯೋಗ ಇದೆ. 2013ರ ಮಾರ್ಚ್‌ನಲ್ಲಿ ಅದು ವರದಿ ಕೊಟ್ಟಿತು. ನಿಯಂತ್ರಕ ಸಂಸ್ಥೆಯೊಳಗೆ ತನಿಖೆಗೆ ಸಂಬಂಧವೇ ಇಲ್ಲದ ಪ್ರತ್ಯೇಕ ಅಧಿಕಾರಿಗಳು ತೀರ್ಮಾನದ ಕೆಲಸ ಮಾಡಬೇಕು, ಹೊರಗೆ ಎಲ್ಲ ಹಣಕಾಸು ನಿಯಂತ್ರಕರ ಆದೇಶಗಳಿಗೂ ಒಂದೇ ಮೇಲ್ಮನವಿ ನ್ಯಾಯಮಂಡಳಿ ಇರಬೇಕು ಎಂದಿತು. ರಿಸರ್ವ್ ಬ್ಯಾಂಕ್ ಕೂಡ ಅದರ ವ್ಯಾಪ್ತಿಗೆ ಬರಬೇಕೆಂಬುದು ಆಯೋಗದ ಅಭಿಪ್ರಾಯ. ಆಮೇಲೆ ರಿಸರ್ವ್ ಬ್ಯಾಂಕಿನ ಒಳಗೆ ಇಲಾಖೆ ಬೇರೆಯಾಯಿತು. ಹೊರಗಿನ ಮಂಡಳಿ ಮಾತ್ರ ಆಗಲಿಲ್ಲ.

ಎರಡನ್ನೂ ತೂಗಿದರೆ ಆಯೋಗದ ಮಾತೇ ಸರಿ ಎನಿಸುತ್ತದೆ. ತುರ್ತು ಇರುವುದು 35ಎ ನಿರ್ಬಂಧಕ್ಕೆ. ಠೇವಣಿ ಸೋರಿಹೋಗದಂತೆ ರಾತ್ರೋರಾತ್ರಿ ಹಾಕಬೇಕಾಗುವುದು ಅದು. ದಂಡ ಹಾಗಲ್ಲ, ಅದು ಆಗಿಹೋದ ತಪ್ಪಿಗೆ ಹಾಕುವಂಥದ್ದು. ಮಾರ್ಚ್ 31ರ ಲೆಕ್ಕಕ್ಕೆ ಎಷ್ಟೋ ತಿಂಗಳ ಮೇಲೆ ಬರುವ ಆದೇಶಕ್ಕೆ ಇನ್ನೊಂದು ಆರು ತಿಂಗಳ ಪರಿಶೀಲನೆ ಸೇರಿದರೆ ಯಾವ ಠೇವಣಿದಾರರಿಗೂ ನಷ್ಟವಿಲ್ಲ. ತಡೆಯಾಜ್ಞೆಯ ಭಯ ಇದ್ದರೆ ದಂಡದ ಹಣ ಮೊದಲು ಕಟ್ಟಿ ಆಮೇಲೆ ಮೇಲ್ಮನವಿ ಹಾಕಿ ಎಂಬ ಷರತ್ತು ಇಡಬಹುದು.

ಹಣ ಯಾರ ಜೇಬಿನಿಂದ

47ಎ ದಂಡ ಬೀಳುವುದು ಬ್ಯಾಂಕಿನ ಮೇಲೆ, ನಿರ್ದೇಶಕರ ಮೇಲಲ್ಲ. ಕಟ್ಟುವುದು ಬ್ಯಾಂಕಿನ ಖಾತೆಯಿಂದ. ಸಹಕಾರಿ ಬ್ಯಾಂಕಿನಲ್ಲಿ ಹಾಗೆಂದರೆ ಷೇರುದಾರ ಸದಸ್ಯರ ಲಾಭದಿಂದ. ಯಾರ ತಮ್ಮನ ಸಾಲಕ್ಕೆ ದಂಡ ಬಿತ್ತೋ ಆ ನಿರ್ದೇಶಕರ ಕೈಯಿಂದ ಒಂದು ರೂಪಾಯಿಯೂ ಹೋಗುವುದಿಲ್ಲ, ಡಿವಿಡೆಂಡ್ ಕಡಿಮೆಯಾಗುವುದು ಸಾವಿರಾರು ಸದಸ್ಯರದ್ದು. ಹಾಗಾಗಿ ಆ ದಂಡ ಸರಿಯೇ, ಆಡಳಿತ ಮಂಡಳಿ ಅದನ್ನು ಯಾಕೆ ಒಪ್ಪಿತು ಅಥವಾ ಯಾಕೆ ಪ್ರಶ್ನಿಸಲಿಲ್ಲ ಎಂದು ಕೇಳುವ ಹಕ್ಕು ಮೊದಲು ಇರುವುದು ಸದಸ್ಯರಿಗೆ.

ಕೇಳಲು ಜಾಗವೂ ಇದೆ. ವರ್ಷದಲ್ಲಿ ಬಿದ್ದ ದಂಡವನ್ನು ಬ್ಯಾಂಕ್ ತನ್ನ ಅಢಾವೆ ಪತ್ರಿಕೆಯ ಟಿಪ್ಪಣಿಗಳಲ್ಲಿ ತೋರಿಸಲೇಬೇಕು. ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ನಡೆಯುವ ವಾರ್ಷಿಕ ಮಹಾಸಭೆಯಲ್ಲಿ ಆ ವರದಿಯನ್ನು ಸದಸ್ಯರ ಕೈಗೆ ಕೊಡುತ್ತಾರೆ. ಹೆಚ್ಚಿನವರು ಡಿವಿಡೆಂಡ್ ಎಷ್ಟು ಎಂದು ನೋಡಿ ಮಡಚಿಡುತ್ತಾರೆ. ಹಿಂದಿನ ಪುಟಗಳಿಗೆ ಹೋಗಿ ದಂಡದ ಸಾಲು ಹುಡುಕಬೇಕು. ಸಿಕ್ಕಿದರೆ ಅಧ್ಯಕ್ಷರನ್ನು ಕೇಳಬೇಕಾದದ್ದು ಇಷ್ಟು: ನೋಟಿಸಿನಲ್ಲಿ ಎಷ್ಟು ಆರೋಪ ಇತ್ತು, ನಾವು ಏನು ಉತ್ತರ ಕೊಟ್ಟೆವು, ಆದೇಶದಲ್ಲಿ ಆ ಉತ್ತರಕ್ಕೆ ಏನು ಹೇಳಿದ್ದಾರೆ, ಮತ್ತು ಆ ಸಾಲ ಈಗ ಯಾರ ಹೆಸರಿನಲ್ಲಿ ಎಷ್ಟು ಬಾಕಿ ಇದೆ.